ಆರನೇ ಟೇಬಲ್ಲಿನ ಬಿಲ್ಲು

ದರ್ಶಿನಿಯಲ್ಲಿ ದುಡ್ಡು ಮೊದಲು, ತಿಂಡಿ ಆಮೇಲೆ. ಗಲ್ಲಾದಲ್ಲಿ ಹರಿದುಕೊಡುವ ಚೀಟಿಯೇ ಅಡುಗೆಯವರಿಗೆ ಆರ್ಡರು, ಗಿರಾಕಿಗೆ ಅದೇ ರಸೀದಿ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಬೇರೂರಿದ ಈ ಪದ್ಧತಿಯಲ್ಲಿ ಕೇಳುವುದು, ಬಿಲ್ಲು ಮಾಡುವುದು, ದುಡ್ಡು ಕೊಡುವುದು ಮೂರೂ ಒಂದೇ ನಿಮಿಷದಲ್ಲಿ, ಒಂದೇ ಜಾಗದಲ್ಲಿ ಮುಗಿದುಹೋಗುತ್ತವೆ. ಲೆಕ್ಕ ತಪ್ಪುವುದಕ್ಕೆ ಅಲ್ಲಿ ಹೆಚ್ಚು ಎಡೆಯಿಲ್ಲ. ಟೇಬಲ್ಲಿಗೆ ತಂದು ಬಡಿಸುವ ಹೋಟೆಲಿನಲ್ಲಿ ಕ್ರಮ ತಿರುವುಮುರುವಾಗುತ್ತದೆ. ಗಿರಾಕಿ ಕೂತು, ಕೇಳಿ, ತಿಂದು, ಮತ್ತೆ ಕೇಳಿ, ಮುಕ್ಕಾಲು ಗಂಟೆಯ ನಂತರ ಏಳುವ ಹೊತ್ತಿಗೆ ಹಣ ಕೊಡುತ್ತಾನೆ. ಅಷ್ಟು ಹೊತ್ತೂ ಆ ಟೇಬಲ್ಲಿನ ಲೆಕ್ಕ ಯಾರದ್ದಾದರೂ ನೆನಪಿನಲ್ಲೋ, ಚೀಟಿಯಲ್ಲೋ, ಪರದೆಯಲ್ಲೋ ಬದುಕಿರಬೇಕು.

ಹಳೆಯ ಹೋಟೆಲುಗಳಲ್ಲಿ ಸಪ್ಲೈಯರ್‌ನ ಗಂಟಲೇ ಆ ಕೆಲಸ ಮಾಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು ಕೂಗಿದ್ದನ್ನು ಒಳಗಿನವರು ನೆನಪಿಟ್ಟುಕೊಳ್ಳುತ್ತಿದ್ದರು. ಕೊನೆಯಲ್ಲಿ ಬಿಲ್ಲಿನ ಚೀಟಿಯ ಮೇಲೆ ಮೊತ್ತ ಗೀಚುವವನೂ ಅವನೇ. ಆಮೇಲೆ ಕಾರ್ಬನ್ ಹಾಳೆಯ ಕೆಒಟಿ ಪುಸ್ತಕ ಬಂತು: ಒಂದು ಪ್ರತಿ ಅಡುಗೆಮನೆಗೆ, ಇನ್ನೊಂದು ಗಲ್ಲಾಕ್ಕೆ. ಈಗ ಸಪ್ಲೈಯರ್ ಕೈಯಲ್ಲಿ ಮೊಬೈಲು, ಅಡುಗೆಮನೆಯ ಗೋಡೆಯಲ್ಲಿ ಪರದೆ. ಉಪಕರಣ ಬದಲಾದರೂ ಕೆಒಟಿಯ ಹಿಂದಿನ ನಿಯಮ ಬದಲಾಗಿಲ್ಲ: ಚೀಟಿ ಇಲ್ಲದೆ ಒಲೆಯಿಂದ ಏನೂ ಆಚೆ ಹೋಗಬಾರದು.

ಪರದೆ ಹಾಕಿಸುವ ಮೊದಲು ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಒಂದು ಟೇಬಲ್ಲಿನ ಊಟದಲ್ಲಿ ಒಂದಲ್ಲ, ನಾಲ್ಕು ದಾಖಲೆಗಳಿವೆ. ಗಿರಾಕಿ ಕೇಳಿದ್ದು ಆರ್ಡರು. ಅಡುಗೆಯವರಿಗೆ ಹೋದದ್ದು ಕೆಒಟಿ. ಗಿರಾಕಿ ಕೊಡಬೇಕಾದದ್ದು ಬಿಲ್ಲು. ನಿಜವಾಗಿ ಕೈಗೆ ಬಂದದ್ದು ಪಾವತಿ. ಒಂದು ಆರ್ಡರಿಗೆ ಮೂರು ನಾಲ್ಕು ಕೆಒಟಿ ಆಗಬಹುದು, ಒಂದು ಬಿಲ್ಲಿಗೆ ಎರಡು ಮೂರು ಪಾವತಿ ಬರಬಹುದು. ಸಣ್ಣ ಹೋಟೆಲುಗಳಲ್ಲಿ ರಾತ್ರಿ ಲೆಕ್ಕ ಕೂಡದೆ ತಲೆ ಕೆಡುವುದು ಈ ನಾಲ್ಕನ್ನು ಒಂದೇ ಎಂದು ತಿಳಿದು ಬೆರೆಸಿದಾಗ. ಬಿಲ್ಲಿನ ಸಾಲಿನ ಕೊನೆಯಲ್ಲಿ 'ನಗದು' ಅಥವಾ 'ಯುಪಿಐ' ಎಂದು ಒಂದೇ ಪದ ಬರೆಯುವ ಖಾನೆ ಇರುತ್ತದಲ್ಲ, ಗೊಂದಲ ಹುಟ್ಟುವುದು ಬಹುಪಾಲು ಅಲ್ಲಿಯೇ. ಅದು ಹೇಗೆ ಎಂಬುದು ಒಂದು ಟೇಬಲ್ಲಿನ ಲೆಕ್ಕವನ್ನು ಕೊನೆಯವರೆಗೂ ಹಿಂಬಾಲಿಸಿದರೆ ತಿಳಿಯುತ್ತದೆ.

ಉದಾಹರಣೆಗೆ ಹತ್ತು ಟೇಬಲ್ಲಿನ ಒಂದು ಸಸ್ಯಾಹಾರಿ ಹೋಟೆಲು. ಒಳಗೆ ಮೂರು ಕಡೆ ಕೆಲಸ: ದೋಸೆ ಕಾವಲಿ, ಒಳ ಅಡುಗೆಮನೆ, ಕಾಫಿ ಕೌಂಟರ್. ರಾತ್ರಿ 8:10ಕ್ಕೆ ಆರನೇ ಟೇಬಲ್ಲಿಗೆ ನಾಲ್ವರು ಬಂದು ಕೂತು ಎರಡು ಮಸಾಲೆ ದೋಸೆ, ಒಂದು ಸೆಟ್ ದೋಸೆ, ಒಂದು ಪಲಾವ್ ಕೇಳುತ್ತಾರೆ. ಸಪ್ಲೈಯರ್ ಮೊಬೈಲಿನಲ್ಲಿ ಟೇಬಲ್ 6 ಒತ್ತಿ ತಿಂಡಿಗಳನ್ನು ಸೇರಿಸಿ ಕಳಿಸಿದೊಡನೆ ಆರ್ಡರು ಎರಡಾಗಿ ಒಡೆಯುತ್ತದೆ. ದೋಸೆಗಳು ಕಾವಲಿಯ ಪರದೆಗೆ, ಪಲಾವ್ ಒಳಗಿನ ಪರದೆಗೆ. ಯಾವ ತಿಂಡಿ ಯಾವ ಪರದೆಗೆ ಎಂಬುದನ್ನು ಮೆನು ತುಂಬಿಸುವಾಗಲೇ ಗುರುತು ಹಾಕಿರಬೇಕು. ಹೊಸದಾಗಿ ಸೇರಿಸಿದ ತಿಂಡಿಗೆ ಈ ಗುರುತು ಮರೆತುಹೋಗುವುದು ಸಾಮಾನ್ಯ. ಆಗ ಆರ್ಡರು ಹೋಯಿತೆಂದು ಸಪ್ಲೈಯರ್ ನಂಬಿರುತ್ತಾನೆ, ಯಾವ ಪರದೆಯಲ್ಲೂ ಅದು ಮೂಡಿರುವುದಿಲ್ಲ. ಒಂದೇ ತಿಂಡಿ ಮತ್ತೆ ಮತ್ತೆ ತಡವಾಗುತ್ತಿದ್ದರೆ ಭಟ್ಟರನ್ನು ಬೈಯುವ ಮೊದಲು ಈ ಗುರುತನ್ನು ನೋಡಬೇಕು.

ಕಾವಲಿಯ ಪರದೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೆಚ್ಚಿನ ತಂತ್ರಾಂಶಗಳು ಎಲ್ಲ ಪರದೆಗಳಲ್ಲೂ ಒಂದೇ ನೋಟ ಕೊಡುತ್ತವೆ: ಟೇಬಲ್ಲಿಗೊಂದು ಚೌಕ, ಚೌಕದೊಳಗೆ ತಿಂಡಿಗಳ ಪಟ್ಟಿ. ಒಂದೊಂದೇ ತಟ್ಟೆ ತಯಾರಿಸುವ ಅಡುಗೆಗೆ ಅದು ಸರಿ. ದೋಸೆ ಹುಯ್ಯುವವರು ಟೇಬಲ್ಲುಗಳನ್ನು ಲೆಕ್ಕ ಹಾಕುವುದಿಲ್ಲ. ಕಾವಲಿ ಕಾದಿದೆ, ನೀರು ಚಿಮುಕಿಸಿ ಗುಡಿಸಿದ್ದಾಗಿದೆ, ಈ ಸಲದ ಹುಯ್ಲಿಗೆ ಎಷ್ಟು ಮಸಾಲೆ, ಎಷ್ಟು ಸೆಟ್, ಎಷ್ಟು ಖಾಲಿ ಎಂಬುದೊಂದೇ ಅವರಿಗೆ ಬೇಕು. ಎರಡನೇ ಟೇಬಲ್ಲಿಗೆ ಮೂರು, ಆರಕ್ಕೆ ಎರಡು, ಒಂಬತ್ತಕ್ಕೆ ಒಂದು ಎಂದು ಬಿಡಿ ಚೌಕಗಳಲ್ಲಿ ತೋರಿಸಿದರೆ ಹಿಟ್ಟಿನ ಸೌಟು ಹಿಡಿದುಕೊಂಡು ಮನಸ್ಸಿನಲ್ಲೇ ಕೂಡಿಸಬೇಕಾಗುತ್ತದೆ; ಎರಡು ದಿನ ನೋಡಿ, ಮೂರನೇ ದಿನ ಪರದೆಯನ್ನು ಬಿಟ್ಟು ಮತ್ತೆ 'ಕೂಗಿ ಹೇಳಪ್ಪ' ಎನ್ನುತ್ತಾರೆ. ಆದ್ದರಿಂದ ಕಾವಲಿಯ ಮುಂದೆ ಒಟ್ಟು ಲೆಕ್ಕದ ನೋಟ ಇರಬೇಕು: ಮಸಾಲೆ 6, ಸೆಟ್ 1. ಟೇಬಲ್ಲುವಾರು ನೋಟ ಬೇಕಾಗುವುದು ತಟ್ಟೆಗಳು ಹೊರಬೀಳುವ ಕಟ್ಟೆಯ ಬಳಿ, ಯಾವ ದೋಸೆ ಯಾರಿಗೆ ಎಂದು ಹಂಚುವವನಿಗೆ. ತಂತ್ರಾಂಶ ಕೊಳ್ಳುವಾಗ ಈ ಎರಡು ನೋಟ ಬೇರೆ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳುವುದು ಬಣ್ಣ, ಚಿತ್ರಗಳ ಚೆಂದಕ್ಕಿಂತ ಎಷ್ಟೋ ಮುಖ್ಯ.

ಪರದೆಯನ್ನು ಎಲ್ಲಿ ತೂಗುಹಾಕುತ್ತಾರೆ ಎಂಬುದೂ ಹಾಗೆಯೇ. ಎಣ್ಣೆಯ ಹಬೆ ಮೂರೇ ತಿಂಗಳಲ್ಲಿ ಗಾಜಿನ ಮೇಲೆ ಅಂಟುಪದರ ಕಟ್ಟುತ್ತದೆ. ಹಿಟ್ಟು ಮೆತ್ತಿದ, ಒದ್ದೆಯಾದ ಬೆರಳನ್ನು ಸ್ಪರ್ಶಪರದೆ ಸರಿಯಾಗಿ ಗುರುತಿಸುವುದಿಲ್ಲ. ಹಾಗಾಗಿ ಪರದೆ ಒಲೆಯ ಮೇಲಲ್ಲ, ಎದುರು ಗೋಡೆಯಲ್ಲಿ, ಕಣ್ಣಿನ ಎತ್ತರಕ್ಕಿಂತ ತುಸು ಮೇಲಿರಬೇಕು. 'ಆಯಿತು' ಎಂದು ಒತ್ತುವುದಕ್ಕೆ ಕೈಗೆಟಕುವಲ್ಲಿ ದಪ್ಪ ಗುಂಡಿಗಳ ಪಟ್ಟಿ ಜೋಡಿಸಿದರೆ ಒಳ್ಳೆಯದು. ಹೊಗೆ ಎಳೆಯುವ ಫ್ಯಾನಿನ ಸದ್ದಿನಲ್ಲಿ ಪರದೆಯ ಸಣ್ಣ ಕೂಗು ಕೇಳದ ಕಾರಣ, ಹೊತ್ತು ಮೀರಿದ ಆರ್ಡರು ಬಣ್ಣ ಬದಲಿಸಬೇಕು. ಎಷ್ಟು ನಿಮಿಷಕ್ಕೆ ಬದಲಾಗಬೇಕೆಂಬುದನ್ನು ತಿಂಡಿವಾರು ಇಡಬೇಕು. ಕಾಫಿಗೆ ಹತ್ತು ನಿಮಿಷ ತೀರಾ ತಡ, ಪಲಾವಿಗೆ ಅದು ತಡವೇ ಅಲ್ಲ.

ಆರನೇ ಟೇಬಲ್ಲಿಗೆ ಮರಳಿದರೆ, 8:25ಕ್ಕೆ ಅವರು ಒಂದು ಗೋಬಿ ಮಂಚೂರಿ, ಮೂರು ಕಾಫಿ ಹೇಳುತ್ತಾರೆ. ಇದು ಮೊದಲಿನ ಕೆಒಟಿಯ ತಿದ್ದುಪಡಿಯಲ್ಲ, ಅದೇ ಆರ್ಡರಿನ ಕೆಳಗೆ ಎರಡನೇ ಕೆಒಟಿ. ಹಳೆಯ ಚೌಕದೊಳಗೇ ಹೊಸ ಸಾಲು ಸೇರಿಸುವ ತಂತ್ರಾಂಶಗಳಿವೆ. ಮುಗಿದ ಚೌಕವೆಂದು ಕಣ್ಣು ತೆಗೆದಿದ್ದ ಅಡುಗೆಯವರಿಗೆ ಆ ಸಾಲು ಕಾಣುವುದೇ ಇಲ್ಲ. ಎರಡು ನಿಮಿಷದ ನಂತರ ಗಿರಾಕಿ ಗೋಬಿ ಬೇಡವೆನ್ನುತ್ತಾರೆ. ಒಳಗಿನ ಪರದೆಯಲ್ಲಿ ಅದಿನ್ನೂ 'ಹೊಸದು' ಎಂಬ ಸ್ಥಿತಿಯಲ್ಲಿದ್ದರೆ ಸಪ್ಲೈಯರ್ ತಾನೇ ರದ್ದು ಮಾಡಬಹುದು. 'ಮಾಡುತ್ತಿದ್ದೇವೆ' ಎಂದು ಅಡುಗೆಯವರು ಒತ್ತಿಯಾಗಿದ್ದರೆ ರದ್ದು ಮಾಡುವ ಅಧಿಕಾರ ಗಲ್ಲಾದಲ್ಲಿ ಕೂತವರಿಗೆ ಮಾತ್ರ, ಅದೂ ಕಾರಣ ಬರೆದು. ಈ ಗೆರೆ ಎಳೆಯದಿದ್ದರೆ ಬಡಿಸಿ ತಿಂದಾದ ತಟ್ಟೆಯನ್ನೂ ಬಿಲ್ಲಿಗೆ ಮೊದಲು ಸದ್ದಿಲ್ಲದೆ ಅಳಿಸಬಹುದು.

ಇಷ್ಟರಲ್ಲಿ ಒಂದು ಮಸಾಲೆ ದೋಸೆ ಸೀದುಹೋಗಿ ವಾಪಸು ಬರುತ್ತದೆ. ಬದಲಿ ದೋಸೆಗೂ ಕೆಒಟಿ ಬೇಕು, ಬೆಲೆ ಮಾತ್ರ ಸೊನ್ನೆ. ಬಾಯಿಮಾತಿನಲ್ಲಿ 'ಇನ್ನೊಂದು ಹಾಕಿ' ಎಂದರೆ ಕಾವಲಿಯಿಂದ ಮೂರು ದೋಸೆ ಹೋಗಿ ದಾಖಲೆಯಲ್ಲಿ ಎರಡೇ ಉಳಿಯುತ್ತದೆ. ಹಿಟ್ಟಿಗೂ ಮಾರಾಟಕ್ಕೂ ತಾಳೆ ಬೀಳದ ದಿನ ಇದು ಕಳುವೋ, ಸೀದದ್ದೋ ಎಂದು ಹೇಳುವವರು ಯಾರೂ ಇರುವುದಿಲ್ಲ.

ಊಟ ಮುಗಿದು ಬಿಲ್ಲು ಕೇಳಿದಾಗ ಗಲ್ಲಾದಲ್ಲಿ ಮೊದಲು ನೋಡಬೇಕಾದದ್ದು ಆ ಟೇಬಲ್ಲಿನ ಎಲ್ಲ ಕೆಒಟಿ ಮುಗಿದಿವೆಯೇ ಎಂಬುದನ್ನು. ಕಾಫಿ ಇನ್ನೂ 'ಹೊಸದು' ಎಂದೇ ತೋರಿಸುತ್ತಿದ್ದರೆ ಒಂದೋ ಕಾಫಿ ಕೊಟ್ಟಿಲ್ಲ, ಇಲ್ಲವೇ ಕೊಟ್ಟವರು ಗುಂಡಿ ಒತ್ತಿಲ್ಲ. ಎಲ್ಲ ಸರಿಯಿದ್ದರೆ ಬಿಲ್ಲು ಹೀಗಾಗುತ್ತದೆ: ತಲಾ 90 ರೂಪಾಯಿಯ ಎರಡು ಮಸಾಲೆ ದೋಸೆಗೆ 180, ಸೆಟ್ ದೋಸೆಗೆ 80, ಪಲಾವಿಗೆ 120, ಮೂರು ಕಾಫಿಗೆ 90, ಒಟ್ಟು 470. ಸಾಮಾನ್ಯ ರೆಸ್ಟೋರೆಂಟುಗಳಿಗೆ 2017ರ ನವೆಂಬರ್ 15ರಿಂದ ಜಾರಿಯಲ್ಲಿರುವ ಶೇ. 5ರ ಜಿಎಸ್‌ಟಿ ಪ್ರಕಾರ ಕೇಂದ್ರಕ್ಕೆ 11.75, ರಾಜ್ಯಕ್ಕೆ 11.75 ಸೇರಿ 493.50. ಪೂರ್ಣಾಂಕಕ್ಕೆ ತಂದರೆ 494 ರೂಪಾಯಿ. ಆ 50 ಪೈಸೆಗೂ ಬಿಲ್ಲಿನಲ್ಲಿ ಒಂದು ಸಾಲು ಬೇಕು, ಇಲ್ಲದಿದ್ದರೆ ತಿಂಗಳ ಕೊನೆಗೆ ತೆರಿಗೆಯ ಲೆಕ್ಕದಲ್ಲಿ ಅದು ತೂರಿಕೊಳ್ಳುತ್ತದೆ. ಕಾಂಪೊಸಿಷನ್ ಯೋಜನೆಗೆ ಸೇರಿದ ಸಣ್ಣ ಹೋಟೆಲುಗಳ ಬಿಲ್ಲು ಬೇರೆ ರೀತಿಯದು. ಗಿರಾಕಿಯಿಂದ ತೆರಿಗೆಯೆಂದು ಪ್ರತ್ಯೇಕವಾಗಿ ವಸೂಲು ಮಾಡುವ ಹಾಗಿಲ್ಲ.

ಬಿಲ್ಲಿಗೆ ಸಂಖ್ಯೆ ಬೀಳುವುದು ಈ ಗಳಿಗೆಯಲ್ಲಿ. ಆರ್ಥಿಕ ವರ್ಷದುದ್ದಕ್ಕೂ ಸಂಖ್ಯೆ ಸಾಲಾಗಿ ನಡೆಯಬೇಕೆಂದು ಜಿಎಸ್‌ಟಿ ನಿಯಮ ಹೇಳುತ್ತದೆ. ಹಾಗಾಗಿ ತಪ್ಪಿದ ಬಿಲ್ಲನ್ನು ಅಳಿಸಬಾರದು. 'ರದ್ದು' ಎಂದು ಗುರುತಿಸಿ ಆ ಸಂಖ್ಯೆಯನ್ನು ಹಾಗೆಯೇ ಉಳಿಸಿ ಹೊಸ ಸಂಖ್ಯೆಯಲ್ಲಿ ಹೊಸ ಬಿಲ್ಲು ಮಾಡಬೇಕು. ಇದರಿಂದ ಹೋಟೆಲಿನವರಿಗೇ ಇನ್ನೊಂದು ಅನುಕೂಲವಿದೆ. ಸಾಲಿನ ನಡುವೆ ಸಂಖ್ಯೆಯೊಂದು ಮಾಯವಾಗಿದ್ದರೆ ಯಾರೋ ಕೈಯಾಡಿಸಿದ್ದಾರೆಂದು ಬೇರೆ ಪುರಾವೆ ಬೇಕಿಲ್ಲ.

ನಾಲ್ವರಲ್ಲಿ ಒಬ್ಬರು ಗಲ್ಲಾದ ಮುಂದೆ ಅಂಟಿಸಿದ ಕ್ಯೂಆರ್ ಚಿತ್ರ ಹಿಡಿದು 300 ರೂಪಾಯಿ ಕಳಿಸುತ್ತಾರೆ. ಇನ್ನೊಬ್ಬರು 200ರ ನೋಟು ಕೊಡುತ್ತಾರೆ. ಸೇರಿ 500; ಆರು ರೂಪಾಯಿ ಚಿಲ್ಲರೆ ಗಲ್ಲಾದಿಂದ ವಾಪಸು ಹೋಗುತ್ತದೆ. ಈಗ ಬಿಲ್ಲಿನ ಪಕ್ಕದ ಆ ಒಂದೇ ಖಾನೆಯಲ್ಲಿ ಏನು ಬರೆಯಬೇಕು? 'ಯುಪಿಐ 494' ಎಂದರೆ ಬ್ಯಾಂಕಿನಲ್ಲಿ 194 ಕಡಿಮೆ, ಗಲ್ಲಾದಲ್ಲಿ 194 ಹೆಚ್ಚು. 'ನಗದು' ಎಂದರೆ ಗಲ್ಲಾದಲ್ಲಿ 300 ಕಡಿಮೆ. ಚುರುಕಾದ ಕ್ಯಾಷಿಯರ್ ಒಬ್ಬರು ಯುಪಿಐ 294, ನಗದು 200 ಎಂದು ಒಡೆದು ಬರೆದರೂ ತಪ್ಪೇ, ಏಕೆಂದರೆ ಬ್ಯಾಂಕಿಗೆ ಬಂದದ್ದು 300. ಸರಿಯಾದ ಕ್ರಮವೆಂದರೆ ಪಾವತಿಗಳಿಗೆ ಪ್ರತ್ಯೇಕ ಪಟ್ಟಿ ಇಟ್ಟು, ಪ್ರತಿ ಸಾಲಿನಲ್ಲೂ ಬಿಲ್ಲಿನ ಸಂಖ್ಯೆ ನಮೂದಿಸುವುದು. ಮೊದಲ ಸಾಲು: ಯುಪಿಐ, 300. ಎರಡನೆಯದು: ನಗದು, ಬಂದದ್ದು 200, ವಾಪಸು ಕೊಟ್ಟದ್ದು 6, ನಿಂತದ್ದು 194. ಎರಡೂ ಸಾಲು ಸೇರಿ 494 ಆದಾಗ ಬಿಲ್ಲು ತಾನಾಗಿ 'ಪಾವತಿಯಾಗಿದೆ' ಎಂಬ ಸ್ಥಿತಿಗೆ ಬರಬೇಕು. ಕೈಯಿಂದ ಆ ಗುರುತು ಹಾಕಲು ಅವಕಾಶವೇ ಇರಬಾರದು. ಆರು ರೂಪಾಯಿ ಸಪ್ಲೈಯರ್‌ಗೆ ಇರಲಿ ಎಂದು ಗಿರಾಕಿ ಹೇಳಿದರೆ ಟಿಪ್ಸ್ ಎಂದು ಬೇರೆ ಸಾಲು. ಆ ಹಣ ಗಲ್ಲಾದಲ್ಲಿದ್ದರೂ ಹೋಟೆಲಿನ ವ್ಯಾಪಾರವಲ್ಲ.

ಅಂಟಿಸಿದ ಕ್ಯೂಆರ್‌ನಲ್ಲಿರುವುದು ಹೋಟೆಲಿನ ಯುಪಿಐ ವಿಳಾಸ ಮಾತ್ರ. ಮೊತ್ತವನ್ನು ಗಿರಾಕಿಯೇ ಒತ್ತಬೇಕು, ಯಾವ ಬಿಲ್ಲಿಗೆಂಬ ಸುಳಿವೂ ಬ್ಯಾಂಕಿಗೆ ಹೋಗುವುದಿಲ್ಲ. ಧ್ವನಿಪೆಟ್ಟಿಗೆ '300 ರೂಪಾಯಿ ಬಂದಿದೆ' ಎಂದು ಕೂಗಿದರೂ ಅದು ಆರನೇ ಟೇಬಲ್ಲಿನದೋ ಎರಡನೆಯದೋ ಎಂದು ಹೇಳದು. ಜನ ನೆರೆದ ಹೊತ್ತಿನಲ್ಲಿ ಒಂದೇ ಕೂಗಿಗೆ ಇಬ್ಬರು ಗಿರಾಕಿಗಳನ್ನು ಕಳಿಸಿಕೊಟ್ಟುಬಿಡುವುದು ಹೀಗೆ. ಬಿಲ್ಲಿಗೊಂದರಂತೆ ಹೊಸದಾಗಿ ಮೂಡುವ ಕ್ಯೂಆರ್‌ನಲ್ಲಿ ಮೊತ್ತವೂ ಬಿಲ್ಲಿನ ಗುರುತೂ ಅಡಗಿರುತ್ತವೆ. ಅದರೊಳಗಿನ ಬರಹ ಹೀಗಿರುತ್ತದೆ:

```
upi://pay?pa=hotel@examplebank&pn=Hotel&am=494.00&cu=INR&tr=B0417
```

ಇಲ್ಲಿ `pa` ಹಣ ಸೇರಬೇಕಾದ ವಿಳಾಸ, `am` ಮೊತ್ತ, `tr` ಬಿಲ್ಲಿನ ಗುರುತು. ವ್ಯಾಪಾರಿ ಖಾತೆಯ ಮೂಲಕ ಹಣ ಬಂದರೆ ಪಾವತಿ ಸಂಸ್ಥೆ ಕಳಿಸುವ ವರದಿಯಲ್ಲಿ ಈ ಗುರುತು ಮರಳಿ ಬರುತ್ತದೆ, ತಂತ್ರಾಂಶ ಅದನ್ನು ಹಿಡಿದು ಬಿಲ್ಲನ್ನು ತಾನೇ ಮುಚ್ಚಬಲ್ಲದು. ಮಾಲೀಕರ ಸ್ವಂತ ಉಳಿತಾಯ ಖಾತೆಯ ವಿಳಾಸ ಹಾಕಿದ್ದರೆ ಈ ಅನುಕೂಲವನ್ನು ನಂಬಿ ಕೂರುವಂತಿಲ್ಲ. ಒಂದು ಭಾಗ ನಗದಿನಲ್ಲಿ ಬರುವುದಿದ್ದರೆ ಮೊದಲು ನಗದು ಬರೆದುಕೊಂಡು, ಉಳಿದ ಮೊತ್ತಕ್ಕಷ್ಟೇ ಕ್ಯೂಆರ್ ಮೂಡಿಸಬೇಕು.

ಗಿರಾಕಿಯ ಮೊಬೈಲಿನಲ್ಲಿ ಕಾಣುವ ಹಸಿರು ಟಿಕ್ ಗುರುತು ಪಾವತಿಗೆ ಪುರಾವೆಯಲ್ಲ. ಅದನ್ನು ನಕಲು ಮಾಡುವ ಆ್ಯಪ್‌ಗಳಿವೆ. ಹೋಟೆಲಿನ ಕಡೆಯ ಸಾಧನದಲ್ಲಿ ಮೊತ್ತ, ಹೊತ್ತು ಮತ್ತು 12 ಅಂಕಿಯ ವಹಿವಾಟು ಸಂಖ್ಯೆ ಕಾಣಿಸಿದಾಗಲೇ ಹಣ ಬಂದಂತೆ. ಪ್ರಾಮಾಣಿಕ ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ ಹೋಟೆಲಿಗೆ ಸುದ್ದಿ ಬಾರದಿರುವುದೂ ಉಂಟು. ಆಗ ಬಿಲ್ಲನ್ನು 'ಪಾವತಿಯಾಗಿದೆ' ಎಂದೂ ಬರೆಯಬಾರದು, 'ಬಂದಿಲ್ಲ' ಎಂದು ಮುಚ್ಚಲೂಬಾರದು. 'ಬಾಕಿ' ಎಂಬ ಮೂರನೇ ಸ್ಥಿತಿಯಲ್ಲಿಟ್ಟು ಗಿರಾಕಿಯ ಮೊಬೈಲಿನಲ್ಲಿರುವ ವಹಿವಾಟು ಸಂಖ್ಯೆಯನ್ನು ಬರೆದುಕೊಳ್ಳಬೇಕು. ವ್ಯಾಪಾರಿಗೆ ದೃಢೀಕರಣ ತಲುಪದ ಇಂಥ ವಹಿವಾಟಿನ ಹಣ ಐದು ದಿನದೊಳಗೆ ಗಿರಾಕಿಯ ಖಾತೆಗೆ ಹಿಂದಿರುಗಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ. ಬಾಕಿ ಪಟ್ಟಿಯನ್ನು ಅಷ್ಟು ದಿನ ತೆರೆದಿಟ್ಟರೆ ಸಾಕು.

ಮನೆಗೆ ತಲುಪಿಸುವ ಆ್ಯಪ್‌ಗಳ ಆರ್ಡರು ಅದೇ ಅಡುಗೆಮನೆಯ ಪರದೆಗೆ ಬರುತ್ತದೆಯಾದರೂ ಗಲ್ಲಾಕ್ಕೆ ಬರುವುದಿಲ್ಲ. ಹಣ ಕಮಿಷನ್ ಕಳೆದು ಕೆಲವು ದಿನಗಳ ನಂತರ ಬರುತ್ತದೆ. 2022ರ ಜನವರಿ 1ರಿಂದ ಆ ಆರ್ಡರುಗಳ ಜಿಎಸ್‌ಟಿ ಕಟ್ಟುವ ಹೊಣೆಯೂ ಆ್ಯಪ್ ಕಂಪನಿಗಳದ್ದು. ಆದ್ದರಿಂದ ಅದಕ್ಕೆ ಬೇರೆಯೇ ಪಾವತಿ ವಿಧ ಬೇಕು, ಯುಪಿಐ ಜೊತೆ ಬೆರೆಸಬಾರದು. ಗೊತ್ತಿರುವವರ ಉದ್ರಿ ಕೂಡ ಹಾಗೆಯೇ, ವಸೂಲಾದ ದಿನ ಹಳೆಯ ಬಿಲ್ಲಿನ ಸಂಖ್ಯೆಗೇ ಸೇರಬೇಕು.

ಕರೆಂಟು ಹೋದಾಗ ಅಥವಾ ವೈಫೈ ಕೈಕೊಟ್ಟಾಗ ಪರದೆ ಕುರುಡಾಗುತ್ತದೆ. ಮೊದಲೇ ಸಂಖ್ಯೆ ಮುದ್ರಿಸಿದ ಹಳೆಯ ಕಾರ್ಬನ್ ಪುಸ್ತಕವೊಂದು ಗಲ್ಲಾದ ಕೆಳಗಿರುವ ಹೋಟೆಲು ಆ ಅರ್ಧ ಗಂಟೆಯನ್ನು ಸಲೀಸಾಗಿ ದಾಟುತ್ತದೆ. ನಂತರ ಚೀಟಿಯ ಸಂಖ್ಯೆ ಸಮೇತ ಆ ಆರ್ಡರುಗಳನ್ನು ತಂತ್ರಾಂಶಕ್ಕೆ ಏರಿಸಬೇಕು.

ರಾತ್ರಿ ಬಾಗಿಲು ಹಾಕಿದ ಮೇಲೆ ಈ ಹೋಟೆಲಿನ ದಿನದ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ಬಿಲ್ಲುಗಳ ಒಟ್ಟು 38,640. ಪಾವತಿ ಪಟ್ಟಿಯ ಪ್ರಕಾರ ನಗದು 11,420, ಯುಪಿಐ 22,310, ಕಾರ್ಡು 1,460, ಆ್ಯಪ್ 3,000, ಉದ್ರಿ 450. ಕೂಡಿಸಿದರೆ ಅದೇ 38,640. ಕಾಗದದ ಮೇಲೆ ಎಲ್ಲವೂ ಸರಿ. ಇನ್ನು ಕೈಯಲ್ಲಿರುವುದರೊಂದಿಗೆ ತಾಳೆ ನೋಡಬೇಕು. ಬೆಳಗ್ಗೆ ಗಲ್ಲಾದಲ್ಲಿ ಚಿಲ್ಲರೆಗೆಂದು ಇಟ್ಟದ್ದು 2,000. ಹಾಲು, ನಿಂಬೆಹಣ್ಣಿಗೆ ಕೊಟ್ಟದ್ದು 960. ಹಾಗಾದರೆ ಪೆಟ್ಟಿಗೆಯಲ್ಲಿ 12,460 ಇರಬೇಕು. ಎಣಿಸಿದರೆ 12,260, ಅಂದರೆ 200 ಕಡಿಮೆ. ಯುಪಿಐ ವರದಿ ತೆಗೆದರೆ 22,510. ಅಲ್ಲಿ 200 ಹೆಚ್ಚು.

ಒಂದು ಕಡೆ ಕಡಿಮೆಯಾದಷ್ಟೇ ಇನ್ನೊಂದು ಕಡೆ ಹೆಚ್ಚಾಗಿದ್ದರೆ ಹಣ ಹೋಗಿಲ್ಲ, ವಿಧ ತಪ್ಪಾಗಿ ದಾಖಲಾಗಿದೆ. ಯುಪಿಐ ಮಾತ್ರ ಕಡಿಮೆಯಾಗಿ ಗಲ್ಲಾ ಸರಿಯಿದ್ದರೆ ನಕಲಿ ಟಿಕ್ ಗುರುತನ್ನೋ ಬಾಕಿ ನಿಂತ ವಹಿವಾಟನ್ನೋ ಹುಡುಕಬೇಕು. ನಗದು ಮಾತ್ರ ಕಡಿಮೆಯಿದ್ದರೆ ಚಿಲ್ಲರೆ ಹೆಚ್ಚು ಕೊಟ್ಟಿರಬಹುದು, ಬರೆಯದ ಖರ್ಚಿರಬಹುದು, ಕಳುವಾಗಿರಲೂಬಹುದು. ಎಲ್ಲಕ್ಕಿಂತ ಕಷ್ಟದ್ದು ಲೆಕ್ಕದಲ್ಲಿ ಕಾಣಿಸದೇ ಇರುವ ನಷ್ಟ: ತಿಂಡಿ ಹೋಗಿದೆ, ಬಿಲ್ಲೇ ಆಗಿಲ್ಲ. ಗಲ್ಲಾ, ಬ್ಯಾಂಕು, ಬಿಲ್ಲು ಮೂರೂ ತಾಳೆಯಾಗುತ್ತವೆ, ಆದರೂ ಹಣ ಸೋರಿದೆ. ಅದನ್ನು ಹಿಡಿಯುವುದು ಅಡುಗೆಮನೆಯ ಪರದೆಯ ದಾಖಲೆ ಮಾತ್ರ. ದಿನದ ಕೆಒಟಿಗಳಲ್ಲಿ ಯಾವ ಬಿಲ್ಲಿಗೂ ಸೇರದೆ ಉಳಿದವು ಯಾವುವು ಎಂಬ ಪಟ್ಟಿಯನ್ನು ರಾತ್ರಿ ತೆಗೆಯಬೇಕು. ಸೊನ್ನೆ ಬೆಲೆಯ ಬದಲಿ ದೋಸೆಗಳು, ಸಿಬ್ಬಂದಿಯ ಊಟ ಬಿಟ್ಟರೆ ಆ ಪಟ್ಟಿ ಖಾಲಿಯಿರಬೇಕು.

ಬ್ಯಾಂಕಿನ ಸಾಲುಗಳಿಗೆ ಬಿಲ್ಲಿನ ಸಂಖ್ಯೆ ಹೊಂದಿಸಿಡುವುದರ ಬೆಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ 2025ರ ಜುಲೈಯಲ್ಲಿ ತಿಳಿಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಮೊತ್ತವನ್ನು ಆಧಾರವಾಗಿಟ್ಟುಕೊಂಡು ನೋಟಿಸು ಕಳಿಸಿದಾಗ, ಬಂದದ್ದರಲ್ಲಿ ವ್ಯಾಪಾರದ್ದೆಷ್ಟು, ನೆಂಟರಿಂದ ಬಂದ ಕೈಗಡವೆಷ್ಟು ಎಂದು ತೋರಿಸಲು ಹಲವರ ಬಳಿ ದಾಖಲೆ ಇರಲಿಲ್ಲ. ಹೋಟೆಲಿನ ಹಣಕ್ಕೆ ಬೇರೆ ಖಾತೆ, ಪ್ರತಿ ಜಮೆಗೂ ಒಂದು ಬಿಲ್ಲಿನ ಸಂಖ್ಯೆ ಇದ್ದರೆ ಆ ಪ್ರಶ್ನೆಗೆ ಒಂದೇ ಪಟ್ಟಿ ಉತ್ತರ.

ಹುಡುಕುತ್ತಿದ್ದ 200 ರೂಪಾಯಿಗೆ ಬಂದರೆ, ಯುಪಿಐ ವರದಿಯಲ್ಲಿ ಬಿಲ್ಲು ಸಿಗದ ಜಮೆ ಒಂದೇ ಇದೆ, ರಾತ್ರಿ 9:42ಕ್ಕೆ. ಬಿಲ್ಲುಗಳಲ್ಲಿ 9:40ಕ್ಕೆ ಒಂದು ಪಾರ್ಸೆಲ್: 190 ರೂಪಾಯಿ, ತೆರಿಗೆ 9.50, ಪೂರ್ಣಾಂಕಕ್ಕೆ 200, ವಿಧ ನಗದು. ಗಿರಾಕಿ ಮೊದಲು ನೋಟು ತೆಗೆದು, ಆಮೇಲೆ ಮನಸ್ಸು ಬದಲಿಸಿ ಮೊಬೈಲು ಹಿಡಿದಿದ್ದಾರೆ. ಅಷ್ಟರಲ್ಲಿ 'ನಗದು' ಒತ್ತಿಯಾಗಿತ್ತು. ಆ ಸಾಲನ್ನು ಅಳಿಸುವುದಿಲ್ಲ. ನಗದು 200 ಕಳೆದ ಒಂದು ಸಾಲು, ಯುಪಿಐ 200 ಸೇರಿಸಿದ ಒಂದು ಸಾಲು, ತಿದ್ದಿದವರ ಹೆಸರು, ಹೊತ್ತು, ವಹಿವಾಟು ಸಂಖ್ಯೆ ಸಮೇತ ಕೆಳಗೆ ಬೀಳುತ್ತವೆ. ನಗದು 11,220, ಯುಪಿಐ 22,510 ಆಗಿ, ಪೆಟ್ಟಿಗೆಯೂ ಬ್ಯಾಂಕಿನ ವರದಿಯೂ ಪುಸ್ತಕಕ್ಕೆ ಹೊಂದುತ್ತವೆ.